ಹಳೆಯ ಸಾಲನ್ನು ಕರೆಯುವ ಗುಂಡಿ

ನನ್ನ ನಾದಿನಿಯ ಬೆರಳುಗಳು ಹಾಳಾದದ್ದು ಗೂಡು ಬೇಯಿಸುವ ನೀರಿನಲ್ಲಿ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗೆ ಅವಳು ಲಂಗ ಹಾಕುವ ವಯಸ್ಸಿನಲ್ಲೇ ಹೋದವಳು. ದಿನವಿಡೀ ಸುಡುವ ನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಬೇಕು. ಮೊದಲು ಚರ್ಮ ಬಿಟ್ಟುಕೊಂಡಿತು, ಆಮೇಲೆ ಗಂಟು ಊದಿತು, ಕೊನೆಗೆ ಬೆರಳುಗಳು ಮಡಚುವುದನ್ನೇ ಬಿಟ್ಟವು. ಬಲಗೈಯಲ್ಲಿ ತೋರುಬೆರಳು, ನಡುಬೆರಳು ಆಡುತ್ತಿದ್ದವು. ಎಡಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಉಳಿದದ್ದೆಲ್ಲ ಗೂಟ. ಮದುವೆ ಮಾಡಿ ಅಜ್ಜೀಪುರಕ್ಕೆ ಕಳಿಸಿದ್ದೆವು. ಕೈಯಲ್ಲಿ ಕೆಲಸವಾಗುವುದಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬಂದ. ಇವಳು ಒಂದು ಚೀಲ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಅತ್ತಿಗೆ ನಾನು. ಒಳಗೆ ಬಾ ಅಂದೆ. ಬೇರೆ ಏನು ಅನ್ನುವುದು?

ನಾನು ಆಗ ನೇಕಾರರ ಸಂಘವೊಂದರ ಆಫೀಸಿನಲ್ಲಿ ಕಸ ಗುಡಿಸಿ, ನೀರಿಟ್ಟು, ಕಾಫಿ ತಂದುಕೊಡುತ್ತಿದ್ದೆ. ಸಂಘದಿಂದ ಮಗ್ಗದವರಿಗೆ ಸರದಿಯ ಮೇಲೆ ನೂಲು ಕೊಡುತ್ತಿದ್ದರು. ಕೊಳ್ಳೇಗಾಲದವರು, ಹನೂರು ಕಡೆಯವರು, ಯಳಂದೂರಿನವರು ಎಲ್ಲ ಬರುತ್ತಿದ್ದರು. ಚೀಟಿ ಇದ್ದರೆ ನೂಲು. ಚೀಟಿ ಬರೆಯುವುದು ಗುಮಾಸ್ತರ ಕೈಯಿಂದ ಆಗುತ್ತಿತ್ತು. ಎರಡು ಸಾವಿರದ ಇಸವಿಯ ಆಚೆ ಈಚೆ ಅಲ್ಲಿಗೊಂದು ಕಂಪ್ಯೂಟರ್ ಬಂತು. ಯಾರೋ ಬಿಟ್ಟ ಹಳೆಯದು. ಚಿತ್ರ ಇಲ್ಲ, ಮೌಸ್ ಅನ್ನುವ ಇಲಿ ಇಲ್ಲ. ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರ, ಕೊನೆಯಲ್ಲಿ ಮಿಣುಕುವ ಒಂದು ಗೆರೆ. ನಾವು ಒಂದು ಸಾಲು ಬರೆದು ಎಂಟರ್ ಒತ್ತಬೇಕು, ಅದು ಹೇಳಿದ ಕೆಲಸ ಮಾಡಬೇಕು. ಅಷ್ಟೇ ಅದರ ವ್ಯವಹಾರ.

ಮೈಸೂರಿನಿಂದ ಅದನ್ನು ತಂದು ಕೂರಿಸಿದವನು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಮನುಷ್ಯ. ತೆಳ್ಳಗಿದ್ದ. ಯಾವಾಗಲೂ ಅವಸರ. ಗುಮಾಸ್ತರು ಅದನ್ನು ಮುಟ್ಟುವುದಿಲ್ಲ ಅಂದರು. ಕಾರ್ಯದರ್ಶಿಗಳು ನನ್ನನ್ನು ಕೇಳಿದರು, ಮನೆಯಲ್ಲಿ ಯಾರಾದರೂ ಓದಿದವರು ಇದ್ದಾರಾ ಅಂತ. ನಾದಿನಿ ಏಳನೇ ಕ್ಲಾಸಿನವರೆಗೆ ಹೋಗಿದ್ದಳು. ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತಿದ್ದಳು, ಪದ ಓದಲು ಬರುತ್ತಿರಲಿಲ್ಲ. ಇದ್ದಾಳೆ ಅಂದೆ.

ತಾತ್ಕಾಲಿಕ ಅಂತ ಕೂರಿಸಿದರು. ಕಾರ್ಯದರ್ಶಿಗಳು ಮೊದಲ ದಿನವೇ ಸ್ಪಷ್ಟ ಹೇಳಿದರು: "ನೋಡಮ್ಮಾ, ವರ್ಷದ ಮಹಾಸಭೆವರ್ಗೂ ನೋಡ್ತೀವಿ. ನೂಲು ಕೊಡೋ ದಿನ ಊಟದೊತ್ಗೆ ಮಗ್ಗದವ್ರ ಸಾಲು ಕರಗ್ಬೇಕು. ಕರಗಿದ್ರೆ ಕಾಯಂ. ಇಲ್ದಿದ್ರೆ ಟೈಪಿಂಗ್ ಪಾಸಾದವ್ರನ್ನ ಕರೀತೀವಿ."

ಕಾಯಂ ಆದರೆ ಅವಳು ಕೊಳ್ಳೇಗಾಲದಲ್ಲಿ ಒಂದು ಕೋಣೆ ಹಿಡಿದು ತನ್ನ ಪಾಡಿಗೆ ತಾನು ಇರಬಹುದಿತ್ತು. ಆಗದಿದ್ದರೆ ಅಜ್ಜೀಪುರ, ಸವತಿಯ ಕೈಕೆಳಗೆ. ನನ್ನ ಗಂಡ, ಅವಳ ಸ್ವಂತ ಅಣ್ಣ, ಅವಳ ಎದುರಿಗೇ ಅದನ್ನು ಹೇಳಿದ್ದ.

ಮೊದಲ ಸಲ ನೂಲು ಕೊಟ್ಟ ದಿನ ಅನಾಹುತವೇ ಆಯಿತು. ಒಂದೊಂದು ಚೀಟಿಗೂ ಒಂದು ಉದ್ದನೆಯ ಸಾಲು ಬರೆಯಬೇಕು. ಮೊದಲು ಪಕ್ಕದ ಪ್ರಿಂಟರಿನಲ್ಲಿ ಚೀಟಿ ಹೊಡೆಯುವ ಪ್ರೋಗ್ರಾಮಿನ ಹೆಸರು. ಆಮೇಲೆ ಲೆಕ್ಕ ಇರುವ ಜಾಗ. ಆ ಜಾಗಕ್ಕೆ ಸಂಘದವರು ನಡೆದುಕೊಳ್ಳುವ ದೇವರ ನೆನಪಿಗೆ ಸ್ವಾಮಿ ಅಂತ ಹೆಸರಿಟ್ಟಿದ್ದರು. ಆಮೇಲೆ ಎಷ್ಟು ಲಡಿ ನೂಲು. ಕೊನೆಗೆ ಮಗ್ಗದ ನಂಬರು. ಒಂದು ಅಕ್ಷರ ತಪ್ಪಿದರೆ ಅಂಥದ್ದಿಲ್ಲ ಅಂತ ಪರದೆ ಹೇಳುತ್ತದೆ. ಇವಳು ಎರಡು ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಒತ್ತುತ್ತಾಳೆ. ಮೊದಲಲ್ಲಿ ತಪ್ಪು ಕಂಡರೆ ಕೊನೆಯಿಂದ ಅಳಿಸಿಕೊಂಡು ಅಲ್ಲಿಯವರೆಗೆ ಬರುತ್ತಾಳೆ. ಮತ್ತೆ ಬರೆಯುತ್ತಾಳೆ. ಹೊರಗೆ ಬಿಸಿಲಲ್ಲಿ ಮಗ್ಗದವರು ನಿಂತಿದ್ದಾರೆ.

"ಏನವ್ವೋ, ಚೀಟಿ ಒಡೀತಿದ್ದೀಯೋ ಸೀರೆ ನೇಯ್ತಿದ್ದೀಯೋ?" ಅಂದ ಹನೂರಿನವನೊಬ್ಬ.

"ನೇಯ್ದಿದ್ರೆ ಇಷ್ಟೊತ್ಗೆ ಸೆರಗು ಬಂದಿರೋದು ಕಣ್ಲಾ," ಅಂದ ಅವನ ಹಿಂದೆ ನಿಂತವನು.

ಎಲ್ಲರೂ ನಕ್ಕರು. ನಾದಿನಿ ತಲೆ ಎತ್ತಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೂ ಸಾಲು ಕರಗಲಿಲ್ಲ. ಗುಮಾಸ್ತರು ಉಳಿದದ್ದನ್ನು ಕೈಯಲ್ಲಿ ಬರೆದು ಮುಗಿಸಿದರು.

ಮುಂದಿನ ಸಲ ಮೈಸೂರಿನವನು ಬಂದಾಗ ಅವಳು ಬರೆಯುವುದನ್ನು ನೋಡಿ ಹಣೆ ಚಚ್ಚಿಕೊಂಡ.

"ಯಾಕಮ್ಮಾ ಪೂರ್ತಿ ಬರೀತೀಯ? ಹಿಂದಿನ ಸಾಲು ಅದರ ಹತ್ರಾನೇ ಇದೆ, ಕರಿ."

"ಕರ್ಯೋದಾ? ಎಂಗೆ ಸಾ ಕರ್ಯೋದು?"

ಮೇಲಕ್ಕೆ ಮುಖ ಮಾಡಿದ ಬಾಣದ ಗುಂಡಿ ಒತ್ತಿ ತೋರಿಸಿದ. ಆಗತಾನೆ ಬರೆದ ಸಾಲು ತಾನಾಗಿ ಬಂದು ನಿಂತಿತು. ಇನ್ನೊಂದು ಸಲ ಒತ್ತಿದರೆ ಅದರ ಹಿಂದಿನದು. ಕೆಳಗಿನ ಬಾಣ ಒತ್ತಿದರೆ ಮತ್ತೆ ಮುಂದಕ್ಕೆ. ನಾದಿನಿ ನನ್ನ ಮುಖ ನೋಡಿದಳು. ಇಷ್ಟು ದಿನ ಇದು ಇಲ್ಲೇ ಇತ್ತೆ ಅನ್ನುವ ಹಾಗೆ.

ಆಮೇಲೆ ಅವನು ಒಂದೊಂದಾಗಿ ಹೇಳಿದ. ಕಂಟ್ರೋಲ್ ಅನ್ನುವ ಗುಂಡಿ ಅದುಮಿಕೊಂಡು ಎ ಒತ್ತಿದರೆ ಸಾಲಿನ ಮೊದಲಿಗೆ, ಇ ಒತ್ತಿದರೆ ಕೊನೆಗೆ. ಅದುಮಿಕೊಂಡು ಡಬ್ಲ್ಯು ಒತ್ತಿದರೆ ಹಿಂದಿನ ಒಂದು ಪದ ಪೂರ್ತಿ ಹೋಗುತ್ತದೆ. ಸಾಲಿನ ಕೊನೆಯಲ್ಲಿ ನಿಂತು ಯು ಒತ್ತಿದರೆ ಬರೆದದ್ದೆಲ್ಲ ಹೋಗುತ್ತದೆ. ಬರೆದ ಸಾಲೇ ಬೇಡ ಅನ್ನಿಸಿದರೆ ಸಿ ಒತ್ತಿ ಬಿಟ್ಟುಬಿಡಬಹುದು. ಎಸ್ಕೇಪ್ ಒತ್ತಿ ಬಿಟ್ಟು ಆಮೇಲೆ ಬಿ ಒತ್ತಿದರೆ ಒಂದು ಪದ ಹಿಂದಕ್ಕೆ ನೆಗೆಯುತ್ತದೆ, ಎಫ್ ಒತ್ತಿದರೆ ಒಂದು ಪದ ಮುಂದಕ್ಕೆ, ಡಿ ಒತ್ತಿದರೆ ಮುಂದಿರುವ ಪದ ಹೋಗುತ್ತದೆ. ತಿದ್ದಿದ ಮೇಲೆ ಸಾಲಿನ ಕೊನೆಗೆ ಬರಬೇಕಾಗಿಲ್ಲ, ನಡುವೆ ನಿಂತೇ ಎಂಟರ್ ಒತ್ತಬಹುದು. ಇದು ನಮಗೆ ದೊಡ್ಡ ವಿಷಯವಾಯಿತು. ಅಲ್ಲಿಯವರೆಗೆ ನಾದಿನಿ ತಿದ್ದಿದ ಮೇಲೆ ಬಾಣ ಒತ್ತಿ ಒತ್ತಿ ಕೊನೆಗೆ ಬಂದು ಎಂಟರ್ ಒತ್ತುತ್ತಿದ್ದಳು, ಬಸ್ಸು ಊರ ಕೊನೆಗೆ ಹೋಗಿಯೇ ತಿರುಗಬೇಕು ಅನ್ನುವ ಹಾಗೆ.

ಅವಳಿಗೆ ಎಸ್ಕೇಪಿನದು ಸುಲಭವಾಯಿತು. ಒಂದು ಒತ್ತಿ ಬಿಟ್ಟು ಇನ್ನೊಂದು ಒತ್ತುವುದು, ಒಂದೇ ಬೆರಳು ಸಾಕು. ಕಂಟ್ರೋಲ್ ಕಷ್ಟ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಮೊದಮೊದಲು ನಾನು ಪೊರಕೆ ಗೋಡೆಗೆ ಒರಗಿಸಿ ಅವಳ ಪಕ್ಕದಲ್ಲಿ ನಿಂತು ಕಂಟ್ರೋಲ್ ಅದುಮುತ್ತಿದ್ದೆ.

"ಅದ್ಮು ಅತ್ಗೆ."

"ಅದ್ಮಿದೀನಿ."

"ಬುಡು."

"ಬುಟ್ಟೆ. ನಿನ್ನ ಗಂಡಂಗೂ ಇಂಗೇ ಒಂದು ಗುಂಡಿ ಇದ್ದಿದ್ರೆ ನಾನೇ ಬಂದು ಅದುಮ್ತಿದ್ದೆ."

"ಅವ್ನಿಗೆ ಇದ್ದದ್ದು ಒಂದೇ ಗುಂಡಿ ಕಣತ್ಗೆ. ಸವ್ತಿ ಒತ್ಕಂಡ್ಳು." ಅವಳು ನಕ್ಕದ್ದನ್ನು ನಾನು ಕಂಡದ್ದು ಆ ಕಂಪ್ಯೂಟರಿನ ಮುಂದೆ ಮಾತ್ರ.

ಎಷ್ಟು ದಿನ ನಾನು ನಿಲ್ಲಲಾಗುತ್ತದೆ? ಗುಮಾಸ್ತರು ಕಾಫಿ ಕೇಳುತ್ತಾರೆ. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಮಡಿಸಲು ಬಾರದ ಎಡಗೈ ಕಿರುಬೆರಳನ್ನು ಕಂಟ್ರೋಲಿನ ಮೇಲೆ ಊರಿ ಕೈಯ ಭಾರ ಬಿಡುತ್ತಿದ್ದಳು. ಆಡುವ ಬೆರಳಾಗಿದ್ದರೆ ಜಾರುತ್ತಿತ್ತು, ಇದು ಜಾರಲಿಲ್ಲ. ಬಲಗೈ ಬೆರಳು ಬಂದು ಡಬ್ಲ್ಯು ಒತ್ತುತ್ತಿತ್ತು. ಹಿಂದಿನ ಸಾಲು ಕರೆ, ಮಗ್ಗದ ನಂಬರು ಅಳಿಸು, ಹೊಸ ನಂಬರು ಬರಿ, ಎಂಟರ್. ಲಡಿ ಬೇರೆಯಾದರೆ ಎರಡು ಸಲ ಎಸ್ಕೇಪ್ ಬಿ, ಒಂದು ಸಲ ಎಸ್ಕೇಪ್ ಡಿ. ಮನೆಯಲ್ಲಿ ಮುದ್ದೆ ತಿರುವುವಾಗಲೂ ಬಾಯಲ್ಲಿ ಅದೇ ಗುಣುಗುಣು. ನನಗೂ ಅದರಿಂದಲೇ ಬಾಯಿಪಾಠ ಬಂತು, ಇವತ್ತಿಗೂ ಇದೆ.

ಸಾಲು ಊಟದ ಹೊತ್ತಿಗೆ ಕರಗತೊಡಗಿತು. ಹನೂರಿನವನು ಬಂದು, "ಈಗ ಬುಡವ್ವ, ನಾನು ಬೀಡಿ ಅಚ್ಚೋವಷ್ಟೊತ್ಗೆ ಚೀಟಿ ಕೈಲದೆ," ಅಂದ. ಅದು ಅವನ ಬಾಯಿಂದ ಬಂದ ಹೊಗಳಿಕೆ. ಕಾರ್ಯದರ್ಶಿಗಳೂ ಬಾಗಿಲಲ್ಲಿ ನಿಂತು ನೋಡಿ ತಲೆಯಾಡಿಸಿ ಹೋದರು. ಕಾಯಂ ಮಾಡುವ ಮಾತು ಮಹಾಸಭೆಗೆ ಬರುತ್ತದೆ ಅಂದರು. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆಯನ್ನು ನಾದಿನಿ ನೋಡಿಕೊಂಡು ಬಂದಳು. ಕಿಟಕಿ ಇಲ್ಲ ಅಂದೆ. ಬಾಗಿಲು ಅದೆಯಲ್ಲ ಅಂದಳು.

ಇನ್ನೊಂದು ವಿಷಯ ಹೇಳಬೇಕು. ಮಗ್ಗದವರಲ್ಲಿ ಮೊದಲ ಚೀಟಿ ಮನುಷ್ಯರಿಗೆ ಕೊಡುವುದಿಲ್ಲ. ಸ್ವಾಮಿಗೆ. ಒಂದನೇ ನಂಬರಿನ ಮಗ್ಗ ಸ್ವಾಮಿಯದು ಅಂತ ಲೆಕ್ಕ, ನೇಯುವವರು ಯಾರೂ ಇಲ್ಲ. ಗುಮಾಸ್ತರ ಕಾಲದಲ್ಲಿ ಬರೆದು ಪಟದ ಮುಂದೆ ಇಡುತ್ತಿದ್ದರು. ಈಗ ಅದನ್ನೂ ಕಂಪ್ಯೂಟರಿನಲ್ಲೇ ಹೊಡೆಯಬೇಕು. ಅದು ಹೊರಗೆ ಬಂದು ಪಟದ ಮುಂದೆ ಹೂವಿನ ಜೊತೆ ಕೂರುವವರೆಗೆ ಒಬ್ಬನಿಗೂ ನೂಲಿಲ್ಲ. ಅದನ್ನು ಹೊಡೆಯುವಾಗ ಎಲ್ಲರೂ ಎದ್ದು ನಿಂತು ಕೈ ಮುಗಿಯುತ್ತಾರೆ. ನಾದಿನಿಯೂ ಒತ್ತಿದ ತಕ್ಷಣ ಕಣ್ಣು ಮುಚ್ಚುತ್ತಾಳೆ.

ಈ ಸಾಲನ್ನು ಕರೆಯಲು ಬಾಣ ಆಗುತ್ತಿರಲಿಲ್ಲ. ನೂಲು ಕೊಡುವ ದಿನಗಳ ನಡುವೆ ಆ ಮೆಷಿನ್ನಿನಲ್ಲಿ ಬೇರೆಯವರು ಬೇರೆ ಏನೇನೋ ಬರೆದಿರುತ್ತಾರೆ. ಎಲ್ಲರೂ ಒಳಗೆ ಹೋಗುವುದು ಒಂದೇ ಹೆಸರಿನಲ್ಲಿ, ಹಾಗಾಗಿ ಎಲ್ಲರ ಸಾಲೂ ಒಂದರ ಮೇಲೊಂದು ಬಿದ್ದಿರುತ್ತದೆ. ಬಾಣ ಒತ್ತುತ್ತ ಕೂತರೆ ಸ್ವಾಮಿ ಸಿಗುವ ಹೊತ್ತಿಗೆ ಹೂವು ಬಾಡಿರುತ್ತದೆ. ಅದಕ್ಕೆ ಮೈಸೂರಿನವನು ಇನ್ನೊಂದು ಹೇಳಿಕೊಟ್ಟಿದ್ದ. ಕಂಟ್ರೋಲ್ ಅದುಮಿ ಆರ್ ಒತ್ತು, ಆ ಸಾಲಿನೊಳಗಿನ ಯಾವುದಾದರೂ ಪದ ಬರಿ, ಅದೇ ಹುಡುಕಿ ತರುತ್ತದೆ. ನಾದಿನಿ ಸ್ವಾಮಿ ಅಂತ ಬರೆಯುತ್ತಿದ್ದಳು. ಬಂದದ್ದನ್ನು ಬಾಣ ಒತ್ತಿ ಹಿಡಿದು ನಂಬರನ್ನು ಒಂದು ಮಾಡಿ ಎಂಟರ್ ಒತ್ತುತ್ತಿದ್ದಳು. ಸ್ವಲ್ಪ ದಿನವಾದ ಮೇಲೆ ಅದನ್ನೂ ಬಿಟ್ಟಳು. ಯಾಕೆಂದರೆ ಸಂಜೆ ಎಲ್ಲ ಮುಗಿದ ಮೇಲೆ ಕೊನೆಯದಾಗಿ ಸ್ವಾಮಿಗೆ ಇನ್ನೊಂದು ಚೀಟಿ ಹೊಡೆಯುವುದನ್ನು ಅವಳೇ ರೂಢಿ ಮಾಡಿಕೊಂಡಳು. ಮುಂದಿನ ಸಲ ಹುಡುಕಿದರೆ ಅದೇ ಮೊದಲು ಬರುತ್ತದೆ, ತಿದ್ದುವ ಕೆಲಸವೇ ಇಲ್ಲ. ಹುಡುಕು, ಎಂಟರ್, ಕಣ್ಣು ಮುಚ್ಚು. ಮಗ್ಗದವರಿಗೂ ಸಂತೋಷ, ಮೊದಲೂ ಸ್ವಾಮಿಗೆ ಕೊನೆಯೂ ಸ್ವಾಮಿಗೆ ಅಂತ.

"ಓದಿ ಒತ್ತಮ್ಮಾ," ಅಂತ ಮೈಸೂರಿನವನು ಒಂದು ಸಲ ಹೇಳಿದ್ದ. "ಅದು ತರೋದು ನಿನ್ನ ಸಾಲಲ್ಲ. ಆ ಪದ ಇರೋ ಇತ್ತೀಚಿನ ಸಾಲು. ಯಾರು ಬರೆದಿದ್ರೂ ತರುತ್ತೆ."

"ಆಯ್ತು ಸಾ," ಅಂದಳು. ಓದಲು ಬಂದರೆ ತಾನೆ ಓದುವುದು. ಅವಳು ಸಾಲನ್ನು ಗುರುತು ಹಿಡಿಯುತ್ತಿದ್ದದ್ದು ನಾವು ಸೀರೆಯನ್ನು ಅಂಚು ನೋಡಿ ಗುರುತು ಹಿಡಿದ ಹಾಗೆ. ಸ್ವಾಮಿ ಅನ್ನುವ ಅಕ್ಷರಗಳು ಕಂಡರೆ ಸರಿ.

ಮಹಾಸಭೆಗೆ ಮುಂಚಿನ ಕೊನೆಯ ನೂಲು ಕೊಡುವ ದಿನ ಬಂತು. ಅದರ ಹಿಂದಿನ ದಿನ ಮೈಸೂರಿನವನು ಬಂದಿದ್ದ. ಲೆಕ್ಕದಲ್ಲಿ ಸರದಿ ಹಿಂದೆ ಮುಂದೆ ಆಗಿದೆ ಅಂತ ಅದನ್ನು ಫ್ಲಾಪಿಯಲ್ಲಿ ತೆಗೆದುಕೊಂಡು ಹೋಗಿ ಸರಿ ಮಾಡಿ ತಂದಿದ್ದ. ನಾನು ಅಲ್ಲೇ ನೆಲ ಒರೆಸುತ್ತಿದ್ದೆ. ಹಳೆಯ ಸ್ವಾಮಿಯನ್ನು, ಅಂದರೆ ಹಳೆಯ ಲೆಕ್ಕವನ್ನು, ಅಳಿಸಿದ. ಫ್ಲಾಪಿಯಿಂದ ಹೊಸದನ್ನು ಎಳೆದುಕೊಂಡ. ಫ್ಲಾಪಿ ತೆಗೆದು ಜೇಬಿಗೆ ಹಾಕಿಕೊಂಡು, ಕಾಫಿಯನ್ನೂ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಓಡಿದ. ಅಳಿಸುವಾಗ ಬರೆದ ಸಾಲಿನಲ್ಲಿ ಸ್ವಾಮಿ ಅಂತ ಇತ್ತು. ಕೇಳದೆ ಅಳಿಸು ಅನ್ನುವ ಗುರುತನ್ನೂ ಅದಕ್ಕೆ ಹಾಕಿದ್ದ. ಎಳೆದುಕೊಳ್ಳುವಾಗ ಹೆಸರು ಬರೆಯಲಿಲ್ಲ, ಇರುವುದೆಲ್ಲ ಬರಲಿ ಅಂತ ನಕ್ಷತ್ರದ ಗುರುತು ಹಾಕಿದ. ಇದೆಲ್ಲ ನನಗೆ ಆಮೇಲೆ ಅವನೇ ಹೇಳಿದ್ದು. ಆಗ ನನಗೆ ಕಂಡದ್ದು ಅವನ ಚಪ್ಪಲಿ ಗುರುತು ಮಾತ್ರ, ಒರೆಸಿದ ನೆಲದ ಮೇಲೆ.

ಬೆಳಗ್ಗೆ ಮಗ್ಗದವರು ತುಂಬಿದ್ದರು. ಹಬ್ಬದ ಮುಂದಿನ ನೂಲು, ಎಲ್ಲರಿಗೂ ಬೇಕು. ಸಂಘದ ನಿರ್ದೇಶಕರು ಇಬ್ಬರು ಬಂದು ಕುರ್ಚಿ ಹಾಕಿಸಿಕೊಂಡು ನಾದಿನಿಯ ಹಿಂದೆಯೇ ಕೂತಿದ್ದರು, ಕಾಯಂ ಮಾಡುವ ಮುಂಚೆ ಕೆಲಸ ನೋಡೋಣ ಅಂತ. ಅವಳು ತಲೆಗೆ ಹೂ ಮುಡಿದಿದ್ದಳು. ಗುಮಾಸ್ತರು ಪಟಕ್ಕೆ ಊದುಕಡ್ಡಿ ಹಚ್ಚಿದರು. ಎಲ್ಲರೂ ಎದ್ದರು. ಅವಳು ಕಿರುಬೆರಳನ್ನು ಊರಿದಳು, ಆರ್ ಒತ್ತಿದಳು, ಸ್ವಾಮಿ ಅಂತ ಬರೆದಳು, ಎಂಟರ್ ಒತ್ತಿದಳು, ಕಣ್ಣು ಮುಚ್ಚಿದಳು.

ಪ್ರಿಂಟರ್ ಸದ್ದು ಮಾಡಲಿಲ್ಲ.

ಕಣ್ಣು ಬಿಟ್ಟಳು. ಪರದೆಯ ಮೇಲೆ ಮಿಣುಕುವ ಗೆರೆ ಹೊಸ ಸಾಲಿನಲ್ಲಿ ನಿಂತಿತ್ತು. ಬೇರೆ ಏನೂ ಹೇಳಲಿಲ್ಲ.

"ಯಾಕವ್ವ, ಸ್ವಾಮಿಗೆ ನೂಲು ಬ್ಯಾಡ್ವಂತಾ?" ಅಂದ ಹನೂರಿನವನು. ಯಾರೋ ನಕ್ಕರು.

ಅವಳು ಈ ಸಲ ನೆನಪಿನಿಂದ ಪೂರ್ತಿ ಸಾಲು ಬರೆದಳು, ಒಂದೊಂದೇ ಅಕ್ಷರ. ಅಂಥದ್ದಿಲ್ಲ ಅಂತ ಪರದೆ ಹೇಳಿತು. ಇನ್ನೊಬ್ಬರ ನಂಬರು ಹಾಕಿದಳು. ಅಂಥದ್ದಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

ಆಗ ಅವಳು ಇನ್ನೊಂದು ಮಾಡಿದಳು. ಸಾಲು ತಿದ್ದುವಾಗ ತಪ್ಪಿ ಏನಾದರೂ ಅಳಿಸಿದರೆ, ಕಂಟ್ರೋಲ್ ಅದುಮಿ ಎಕ್ಸ್, ಮತ್ತೆ ಕಂಟ್ರೋಲ್ ಅದುಮಿ ಯು ಒತ್ತಿದರೆ ಅಳಿಸಿದ್ದು ವಾಪಸ್ ಬರುತ್ತದೆ. ಅದನ್ನೂ ಅವನು ಹೇಳಿಕೊಟ್ಟಿದ್ದ. ಬಾಣ ಒತ್ತಿ ಒತ್ತಿ ತಾನು ಮೊದಲು ಹುಡುಕಿ ಒತ್ತಿದ ಸಾಲನ್ನು, ಅಂದರೆ ಮೈಸೂರಿನವನ ಅಳಿಸುವ ಸಾಲನ್ನು, ಕರೆದು ಎದುರಿಗೆ ನಿಲ್ಲಿಸಿಕೊಂಡು ಎಕ್ಸ್, ಯು, ಎಕ್ಸ್, ಯು ಅಂತ ಒತ್ತುತ್ತ ಹೋದಳು. ಏನೂ ಬರಲಿಲ್ಲ. ಅದು ಬರೆಯುತ್ತಿರುವ ಸಾಲನ್ನು ಮಾತ್ರ ಹಿಂದಕ್ಕೆ ತರುತ್ತದೆ. ಎಂಟರ್ ಒತ್ತಿ ಮಾಡಿ ಮುಗಿಸಿದ್ದನ್ನಲ್ಲ.

"ಅತ್ಗೆ, ಅದ್ಮು ಬಾ," ಅಂದಳು. "ನನ್ನ ಬೆಳ್ಳು ಸರ್ಯಾಗಿ ಕೂತಿಲ್ಲ."

ಬೆರಳು ಸರಿಯಾಗೇ ಕೂತಿತ್ತು. ಆದರೂ ಹೋಗಿ ಅದುಮಿದೆ. ಎಲ್ಲರ ಎದುರಿಗೆ ನಾವಿಬ್ಬರು ಒಂದು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದೆವು. ನಿರ್ದೇಶಕರೊಬ್ಬರು, "ಸಾಕು ಬಿಡಿ," ಅಂದರು.

ಎಸ್‌ಟಿಡಿ ಬೂತಿನಿಂದ ಗುಮಾಸ್ತರು ಮೈಸೂರಿಗೆ ಫೋನು ಮಾಡಿದರು. ಅವನು ಮಧ್ಯಾಹ್ನದ ಬಸ್ಸಿಗೆ ಬಂದ. ಬಂದವನು ಬಾಣ ಒತ್ತಿ ನೋಡಿ, ತಾನು ಬರೆದ ಅಳಿಸುವ ಸಾಲೇ ಇವಳ ಕೈಯಿಂದ ಎರಡನೇ ಸಲ ನಡೆದು ಹೊಸ ಲೆಕ್ಕವೂ ಹೋಗಿದೆ ಅಂದ. ಫ್ಲಾಪಿ ಎಲ್ಲಿ ಅಂದರು. ಜೇಬಿನಿಂದ ತೆಗೆದ. ರಾತ್ರಿಯೇ ಅದನ್ನು ಒರೆಸಿ ಬೇರೆ ಆಫೀಸಿನ ಲೆಕ್ಕ ತುಂಬಿಕೊಂಡಿದ್ದ. ಅಳಿಸಿದ್ದನ್ನು ಮೆಷಿನ್ನಿನಿಂದ ವಾಪಸ್ ತರುವ ದಾರಿ ತನಗೆ ಗೊತ್ತಿಲ್ಲ ಅಂದ. ಕತ್ತಲಾಗುವವರೆಗೆ ಏನೇನೋ ಮಾಡಿ ನೋಡಿದ. ನನ್ನನ್ನು ಕರೆದು ನೀರು ಕೇಳಿದ. ಕೊಟ್ಟೆ. ಕುಡಿದು, "ಓದಿ ಒತ್ತು ಅಂದಿದ್ದೆ ಕಣಮ್ಮಾ," ಅಂದ.

"ನೀವೂ ಎಸ್ರು ಬರ್ದು ಎಳ್ಕಬೌದಿತ್ತಲ್ಲ ಸಾ, ಆಗ ಆ ಸಾಲೇ ಮೊದ್ಲು ಬರೋದು," ಅಂದೆ. ಅವನು ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟ.

ಯಾರ ಸರದಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರ್ ಬರುವ ಮುಂಚಿನ ಹಳೆಯ ಪಟ್ಟಿಯನ್ನು ಗುಮಾಸ್ತರು ತೆಗೆದರು. ಅದರ ಪ್ರಕಾರ ನೂಲು ಕೊಟ್ಟರು. ಈಚೆಗೆ ಸೇರಿದ ಯಳಂದೂರಿನ ಹೊಸ ಮಗ್ಗದವರು ಬರಿಗೈಯಲ್ಲಿ ಹೋದರು. ಹೋಗುವಾಗ ಅವರಲ್ಲೊಬ್ಬ ಹೆಂಗಸು ನಾದಿನಿಯ ಮುಂದೆ ನಿಂತು ಅವಳ ಕೈಗಳನ್ನೇ ನೋಡಿದಳು. "ಇಂಥ ಕೈಗೆ ಇಂಥ ಕೆಲ್ಸ ಕೊಟ್ರಲ್ಲ," ಅಂದಳು. ಬೈದರೂ ಪರವಾಗಿರಲಿಲ್ಲ. ಅವಳು ಬೈಯಲಿಲ್ಲ.

ಕಾಯಂ ಮಾಡುವ ಮಾತು ಮಹಾಸಭೆಗೆ ಬರಲೇ ಇಲ್ಲ. ಕಾರ್ಯದರ್ಶಿಗಳು ಕೆಟ್ಟವರಲ್ಲ. ಕರೆದು ಕೂರಿಸಿ ಹೇಳಿದರು, ಸ್ವಾಮಿಯನ್ನೇ ಅಳಿಸಿದವಳು ಅಂತ ಮಗ್ಗದವರು ಮಾತಾಡುತ್ತಿದ್ದಾರೆ, ನಾನು ಅವರ ಬಾಯಿ ಮುಚ್ಚಿಸಲಾರೆ ಅಂತ. ನಾದಿನಿ ಕೇಳಿಕೊಂಡು ಎದ್ದು ಬಂದಳು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದರು. ಸ್ವಲ್ಪ ಕಾಲದ ಮೇಲೆ ಇನ್ನೊಂದು ತಂದರು, ಚಿತ್ರ ಇರುವುದು, ಇಲಿ ಇರುವುದು. ಅದಕ್ಕೆ ಟೈಪಿಂಗ್ ಪಾಸಾದ ಹುಡುಗಿ ಬಂದಳು. ಅವಳಿಗೆ ಮೇಲಿನ ಬಾಣದ ವಿಷಯ ಹೇಳಲು ಹೋದೆ. ಇದರಲ್ಲಿ ಅದೆಲ್ಲ ಬೇಕಾಗಿಲ್ಲ ಅಜ್ಜಿ ಅಂದಳು.

ನಾದಿನಿ ನೂಲು ಬಿಚ್ಚುವ ಮನೆಗಳಿಗೆ ಹೋಗಿ ಕೇಳಿದಳು. ಕೈ ನೋಡಿ ಕಳಿಸಿದರು. ಆಮೇಲೆ ನನ್ನ ಗಂಡ ಅವಳನ್ನು ಅಜ್ಜೀಪುರದ ಬಸ್ಸಿಗೆ ಹತ್ತಿಸಿ ಬಂದ. ನಾನು ತಡೆಯಲಿಲ್ಲ. ತಡೆದು ಇಟ್ಟುಕೊಳ್ಳಲು ಮನೆ ನನ್ನದಲ್ಲ.

ಒಂದು ಸಲ ನೋಡಲು ಹೋಗಿದ್ದೆ. ಸವತಿಯ ಮಕ್ಕಳಿಗೆ ತಲೆ ಬಾಚುತ್ತಿದ್ದಳು. ಬಾಚಣಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದಿದ್ದಳು. ಸವತಿ ಒಳಗಿನಿಂದ, "ಬೇಗ ಮುಗ್ಸು, ಎಷ್ಟೊತ್ತು," ಅಂದಳು.

"ಎಂಗಿದ್ದೀಯಮ್ಮಿ?" ಅಂದೆ.

"ಇವ್ನಿ."

"ಊಟ ಆಕ್ತಾಳಾ?"

"ಆಕ್ತಾಳೆ. ಎಲ್ರುದೂ ಆದ್ಮೇಲೆ." ಆಮೇಲೆ ಬಾಚುವುದನ್ನು ನಿಲ್ಲಿಸಿ ಕೇಳಿದಳು, "ಆ ಅಳೇ ಮಿಸ್ನು ಎಲ್ಲದೆ ಅತ್ಗೆ?"

"ಗುಜ್ರಿಯವ್ನು ತಕಂಡೋದ."

"ನಾನು ಬರ್ದಿದ್ದೆಲ್ಲ ಅದ್ರೊಳ್ಗೆ ಇರ್ತದಾ?"

"ಇರ್ತದೋ ಏನೋ."

"ಕೊನೇ ದಿನ ಒತ್ತಿದ್ವೂ ಇರ್ತವೆ," ಅಂದಳು. "ಬಾಣ ಒತ್ತುದ್ರೆ ಮೊದ್ಲು ಅವೇ ಬರೋದು."

ಮಗುವಿನ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಬಾಚತೊಡಗಿದಳು. ನನಗೆ ಕೊಳ್ಳೇಗಾಲದ ಬಸ್ಸು ಇತ್ತು. ಎದ್ದು ಬಂದೆ.